ಚಾರ್ಟ್ ಕಳಚಿಹೋದ ವರದಿ: ಕ್ಷಮೆಯ ಮೇಲ್ ಬರೆಯುವ ಮೊದಲು ನೋಡಬೇಕಾದ್ದು

ಓದುಗರ ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮೂವರು ಸೇರಿ ಸಮೀಕ್ಷೆ ಕಚೇರಿ ನಡೆಸುತ್ತೇವೆ. ಒಂದು ಸಹಕಾರಿ ಬ್ಯಾಂಕಿಗೆ ಗ್ರಾಹಕ ಸಮೀಕ್ಷೆಯ 12 ಪುಟದ ವರದಿಯನ್ನು ವರ್ಡ್ ಫೈಲಾಗಿ ಮೇಲ್ ಮಾಡಿದ್ದೆವು. ಎಕ್ಸೆಲ್‌ನಿಂದ ತಂದು ಹಾಕಿದ 6 ಚಾರ್ಟ್ ಅದರಲ್ಲಿದ್ದವು. "ಬರಹ ಬಂದಿದೆ, ಚಾರ್ಟ್ ಒಂದೂ ಇಲ್ಲ. ನಾಳೆ 11ಕ್ಕೆ ಆಡಳಿತ ಮಂಡಳಿ ಸಭೆ" ಎಂದು ಅಲ್ಲಿನ ಮ್ಯಾನೇಜರ್ ಈಗಷ್ಟೇ ಬರೆದಿದ್ದಾರೆ. ನಮ್ಮ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿ ಕಾಣುತ್ತಿದೆ. ಕ್ಷಮೆ ಕೇಳಿ, ಮತ್ತೆ ಕಳಿಸುತ್ತೇವೆ ಅಂತ ಬರೆಯಬೇಕು. ತಪ್ಪು ಅವರ ಸರ್ವರ್‌ದು ಅಂತ ಹೇಳಬಹುದಾ? ಮೊದಲ ಮೇಲ್ ರೀಕಾಲ್ ಮಾಡಲೇ? ಫೈಲ್ ದೊಡ್ಡದಾಗಿದ್ದಕ್ಕೆ ಹೀಗಾಯಿತಾ?

ಉತ್ತರ: ಮೊದಲಿಗೆ ಒಂದು ಮಾತು. ಅದೇ ವರ್ಡ್ ಫೈಲನ್ನು ಅದೇ ದಾರಿಯಲ್ಲಿ ಇನ್ನೊಮ್ಮೆ ಕಳಿಸಬೇಡಿ. ಚಾರ್ಟ್‌ಗಳು ಎಲ್ಲಿ ಬಿದ್ದುಹೋದವು ಎಂದು ತಿಳಿಯದೆ "ಈ ಸಲ ಸರಿಯಾಗಿದೆ, ನೋಡಿ" ಎಂದು ಕಳಿಸಿದರೆ ಎರಡನೆಯದೂ ಬೋಳಾಗಿಯೇ ತಲುಪುವ ಸಾಧ್ಯತೆ ಹೆಚ್ಚು. ಮೊದಲ ಸಲದ್ದನ್ನು ಗ್ರಾಹಕರು ಮರೆತಾರು. ಕ್ಷಮೆ ಕೇಳಿದ ಮೇಲೂ ಮತ್ತೆ ಹಾಗೇ ಆದರೆ ಮರೆಯುವುದಿಲ್ಲ. ಆದ್ದರಿಂದ ಮೇಲ್ ಬರೆಯುವ ಮೊದಲು ಹತ್ತು ನಿಮಿಷ ಕಾರಣ ಹುಡುಕಲು ಕೊಡಿ.

ನಿಮ್ಮ ಸಣ್ಣ ಅನುಮಾನಗಳನ್ನು ಮೊದಲು ಮುಗಿಸುತ್ತೇನೆ. ಫೈಲಿನ ಗಾತ್ರ ಕಾರಣವಲ್ಲ. ಮಿತಿ ಮೀರಿದ ಮೇಲ್ ಇಡಿಯಾಗಿ ವಾಪಸ್ ಬರುತ್ತದೆಯೇ ಹೊರತು, ಬರಹವನ್ನು ಒಳಗೆ ಬಿಟ್ಟು ಚಾರ್ಟನ್ನು ಮಾತ್ರ ಹೊರಗೆ ನಿಲ್ಲಿಸುವುದಿಲ್ಲ. ಜಿಮೇಲ್‌ನಲ್ಲಿ ಆ ಮಿತಿ 25 ಎಂಬಿ. ಅಟ್ಯಾಚ್‌ಮೆಂಟ್ ಮೇಲ್‌ನಲ್ಲಿ ಸಾಗುವಾಗ ಸುಮಾರು ಮೂರನೇ ಒಂದು ಪಾಲು ಹಿಗ್ಗುವುದರಿಂದ 20 ಎಂಬಿ ಫೈಲೇ ಕೆಲವು ಕಡೆ ತಡೆಯಾಗಬಹುದು. ಆಗ ಬರುವುದು "ತಲುಪಲಿಲ್ಲ" ಎಂಬ ಸಂದೇಶ, ಅರ್ಧ ವರದಿ ಅಲ್ಲ.

ರೀಕಾಲ್ ಕೂಡ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಔಟ್‌ಲುಕ್‌ನ ರೀಕಾಲ್ ಒಂದೇ ಸಂಸ್ಥೆಯ ಒಳಗಿನ ಮೈಕ್ರೋಸಾಫ್ಟ್ ಮೇಲ್ ಖಾತೆಗಳ ನಡುವೆ ಮಾತ್ರ ಕೆಲಸ ಮಾಡುತ್ತದೆ. ಹೊರಗಿನವರಿಗೆ ಹೋದದ್ದು ಹೋದಂತೆಯೇ. ಪ್ರಯತ್ನಿಸಿದರೆ "ಇವರು ಒಂದು ಮೇಲ್ ಹಿಂಪಡೆಯಲು ನೋಡುತ್ತಿದ್ದಾರೆ" ಎಂಬ ಸೂಚನೆಯೊಂದು ಬ್ಯಾಂಕಿಗೆ ಹೋಗಬಹುದು, ಏನನ್ನೋ ಮುಚ್ಚಿಡುತ್ತಿದ್ದೀರಿ ಎಂದು ಅವರಿಗೆ ಅನ್ನಿಸಬಹುದು. ಜಿಮೇಲ್‌ನಲ್ಲಿ `Undo Send`ಗೆ ಇರುವುದು ಹೆಚ್ಚೆಂದರೆ 30 ಸೆಕೆಂಡ್.

ಚಾರ್ಟ್ ಬಿದ್ದದ್ದು ಎಲ್ಲಿ?

ಡಿ ಡ್ರೈವ್‌ನಲ್ಲಿರುವ ಮೂಲ ಫೈಲನ್ನು ತೆರೆದು "ನಮ್ಮಲ್ಲಿ ಸರಿ ಇದೆ" ಎನ್ನುವುದರಿಂದ ಏನೂ ಸಾಬೀತಾಗುವುದಿಲ್ಲ. `Sent` ಫೋಲ್ಡರಿಗೆ ಹೋಗಿ, ಕಳಿಸಿದ ಆ ಮೇಲ್‌ನ ಅಟ್ಯಾಚ್‌ಮೆಂಟನ್ನೇ ಇಳಿಸಿಕೊಳ್ಳಿ. ಅದನ್ನು ವರದಿ ತಯಾರಾಗದ ಬೇರೊಂದು ಕಂಪ್ಯೂಟರಿನಲ್ಲಿ ತೆರೆಯಿರಿ. ಮೂವರಿದ್ದೀರಲ್ಲ, ಪಕ್ಕದವರ ಲ್ಯಾಪ್‌ಟಾಪ್ ಸಾಕು. ಹಂಚಿಕೊಂಡ ನೆಟ್‌ವರ್ಕ್ ಫೋಲ್ಡರ್ ಇದ್ದರೆ ಅದರ ಸಂಪರ್ಕ ತೆಗೆದು ನೋಡಿ.

ಅಲ್ಲಿಯೂ ಚಾರ್ಟ್ ಕಾಣದಿದ್ದರೆ ದೋಷ ನಿಮ್ಮ ಫೈಲಿನದೇ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಓಡಾಡುತ್ತದೆ: "ಎಕ್ಸೆಲ್ ಫೈಲ್ ಜೊತೆಗಿಲ್ಲದಿದ್ದರೆ ಲಿಂಕ್ ಮಾಡಿದ ಚಾರ್ಟ್ ಮಾಯವಾಗುತ್ತದೆ" ಅಂತ. ಹಾಗಾಗುವುದಿಲ್ಲ. ಎಕ್ಸೆಲ್ ಚಾರ್ಟನ್ನು ಕಾಪಿ ಮಾಡಿ ವರ್ಡ್‌ನಲ್ಲಿ ಸುಮ್ಮನೆ ಪೇಸ್ಟ್ ಮಾಡಿದರೆ ಅದು ಸಾಮಾನ್ಯವಾಗಿ ಲಿಂಕ್ ಆಗಿಯೇ ಕೂರುತ್ತದೆ, ನಿಜ. ಆದರೆ ಕೊನೆಯ ಸಲ ಕಂಡ ಅಂಕಿಗಳ ಒಂದು ಪ್ರತಿಯನ್ನು ವರ್ಡ್ ತನ್ನೊಳಗೇ ಇಟ್ಟುಕೊಂಡಿರುತ್ತದೆ. ಲಿಂಕ್ ಮುರಿದರೂ ಚಾರ್ಟ್ ಕಾಣುತ್ತದೆ. `Edit Data` ಒತ್ತಿದಾಗ ಮಾತ್ರ ಮೂಲ ಫೈಲ್ ಸಿಗಲಿಲ್ಲ ಎನ್ನುತ್ತದೆ. ನಿಜಕ್ಕೂ ಮಾಯವಾಗುವುದು ಚಾರ್ಟನ್ನು ಚಿತ್ರವಾಗಿ ಉಳಿಸಿ, `Insert > Pictures` ಹೋಗಿ, `Link to File` ಎಂದು ಸೇರಿಸಿದ್ದಾಗ. ಆಗ ಫೈಲಿನೊಳಗೆ ಇರುವುದು ಚಿತ್ರವಲ್ಲ, ನಿಮ್ಮ ಡಿ ಡ್ರೈವ್‌ನ ವಿಳಾಸ ಮಾತ್ರ. ಬ್ಯಾಂಕಿನವರಿಗೆ ಅಲ್ಲಿ ಕೆಂಪು ಗುಣಿಸು ಗುರುತು ಕಾಣುತ್ತದೆ, ಇಲ್ಲವೇ `The linked image cannot be displayed` ಎಂಬ ಸಾಲು.

ಇದನ್ನು ಪತ್ತೆ ಮಾಡಲು `File > Info` ತೆರೆದು ಬಲಗಡೆ ಕೆಳಗೆ `Edit Links to Files` ಇದೆಯೇ ನೋಡಿ. ಫೈಲಿನಲ್ಲಿ ಲಿಂಕ್ ಇದ್ದರೆ ಮಾತ್ರ ಆ ಸಾಲು ಅಲ್ಲಿರುತ್ತದೆ. ವರದಿ ತಯಾರಾದ ಕಂಪ್ಯೂಟರಿನಲ್ಲೇ ಅದರ ಒಳಗೆ ಹೋಗಿ ಆ ಚಿತ್ರವನ್ನು ಆರಿಸಿ `Save picture in document` ಟಿಕ್ ಮಾಡಿದರೆ ಚಿತ್ರ ಫೈಲಿನೊಳಗೆ ಬಂದು ಕೂರುತ್ತದೆ.

`Sent` ಪ್ರತಿಯಲ್ಲಿ ಆರೂ ಚಾರ್ಟ್ ಸರಿಯಾಗಿದ್ದರೆ, ಅವು ಕಳಚಿದ್ದು ದಾರಿಯಲ್ಲಿ ಅಥವಾ ತೆರೆದ ಜಾಗದಲ್ಲಿ. ಮ್ಯಾನೇಜರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ. ಯಾವುದರಲ್ಲಿ ತೆರೆದಿರಿ, ಮೊಬೈಲ್‌ನಲ್ಲೋ ಕಂಪ್ಯೂಟರಿನಲ್ಲೋ? ನಿಮಗೆ ಬಂದ ಫೈಲಿನ ಗಾತ್ರ ಎಷ್ಟು ತೋರಿಸುತ್ತಿದೆ? ಮೊಬೈಲಿನ ಮೇಲ್ ಆ್ಯಪ್‌ನ ಒಳಗೇ ಇಣುಕಿ ನೋಡಿದ್ದರೆ ಉತ್ತರ ಅಲ್ಲಿಯೇ ಸಿಕ್ಕೀತು. ಆ ಇಣುಕುನೋಟದಲ್ಲಿ ವರ್ಡ್‌ನ ಚಾರ್ಟ್‌ಗಳು ಎಷ್ಟೋ ಸಲ ಮೂಡುವುದೇ ಇಲ್ಲ, ಅದೇ ಫೈಲ್ ಕಂಪ್ಯೂಟರಿನಲ್ಲಿ ಸರಿಯಾಗಿ ತೆರೆಯುತ್ತದೆ.

ಕಂಪ್ಯೂಟರಿನಲ್ಲೇ ತೆರೆದಿದ್ದಾರೆ, ನೀವು ಕಳಿಸಿದ್ದು 3.4 ಎಂಬಿ, ಅವರಿಗೆ ಸಿಕ್ಕಿದ್ದು 600 ಕೆಬಿ ಎಂದುಕೊಳ್ಳಿ. ಆಗ ನಡುವೆ ಯಾರೋ ಫೈಲನ್ನು ಬಿಚ್ಚಿ ಮತ್ತೆ ಕಟ್ಟಿದ್ದಾರೆ ಎಂದೇ ಅರ್ಥ. ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿಗಳ ಮೇಲ್ ದ್ವಾರದಲ್ಲಿ ಇಂಥ ತಂತ್ರಾಂಶ ಇರುವುದುಂಟು. ಅದು ವೈರಸ್ ಇದೆಯೇ ಎಂದು ಹುಡುಕುತ್ತ ಕೂರುವುದಿಲ್ಲ. ಅಪಾಯ ತರಬಹುದಾದ ಭಾಗಗಳನ್ನು, ಅಂದರೆ ಮ್ಯಾಕ್ರೋಗಳು, ಒಳಗೆ ಹುದುಗಿಸಿದ ಬೇರೆ ಫೈಲುಗಳು, ಹೊರಗಿನ ಲಿಂಕ್‌ಗಳನ್ನು, ವಿಚಾರಣೆಯಿಲ್ಲದೆ ಕಿತ್ತುಹಾಕಿ ಉಳಿದದ್ದನ್ನು ಹೊಸ ಫೈಲಾಗಿ ಕಟ್ಟಿ ಒಳಗೆ ಬಿಡುತ್ತದೆ. ಎಕ್ಸೆಲ್ ಚಾರ್ಟನ್ನು ವರ್ಡ್‌ನಲ್ಲಿ ಹುದುಗಿಸಿದಾಗ ಅದರ ಬೆನ್ನಿಗೆ ಒಂದು ಎಕ್ಸೆಲ್ ಫೈಲೂ ಇರುತ್ತದೆ. ಆ ತಂತ್ರಾಂಶದ ಕಣ್ಣಿಗೆ ಅದು ಫೈಲಿನೊಳಗೆ ಅಡಗಿಕೊಂಡ ಇನ್ನೊಂದು ಫೈಲ್.

ಅನುಮಾನ ಪಕ್ಕಾ ಮಾಡಿಕೊಳ್ಳಬೇಕಿದ್ದರೆ ಅವರಿಗೆ ಬಂದ ಪ್ರತಿಯನ್ನು ತರಿಸಿಕೊಳ್ಳಿ. ಅದರ ಒಂದು ನಕಲು ಮಾಡಿ, ಹೆಸರಿನ ಕೊನೆಯ `.docx` ತೆಗೆದು `.zip` ಮಾಡಿ ತೆರೆಯಿರಿ. ವರ್ಡ್ ಫೈಲ್ ಎಂದರೆ ಒಳಗಿನಿಂದ ಒಂದು ಜಿಪ್ ಕಟ್ಟೇ. ಚಾರ್ಟ್‌ಗಳನ್ನು ಲಿಂಕ್ ಮಾಡದೆ ಹುದುಗಿಸಿದ್ದರೆ ನಿಮ್ಮ ಪ್ರತಿಯಲ್ಲಿ ಹೀಗೆ ಕಾಣಬೇಕು (ಹುದುಗಿಸಿದ ಫೈಲಿನ ಹೆಸರು ಸ್ವಲ್ಪ ಬೇರೆ ಇರಬಹುದು):

```
word/charts/chart1.xml
word/embeddings/Microsoft_Excel_Worksheet.xlsx
word/media/image1.png
```

ಅವರ ಪ್ರತಿಯಲ್ಲಿ `embeddings` ಫೋಲ್ಡರ್ ಇಲ್ಲ, ಅದರ ಜೊತೆ `charts` ಕೂಡ ಇಲ್ಲ ಎಂದರೆ ಕಿತ್ತದ್ದು ದ್ವಾರದಲ್ಲಿಯೇ. `media` ಉಳಿದಿದ್ದರೆ ಇನ್ನೂ ಒಂದು ಗೊತ್ತಾಗುತ್ತದೆ: ಸಾದಾ ಚಿತ್ರಗಳಿಗೆ ಅಲ್ಲಿ ತಡೆಯಿಲ್ಲ.

ಆ `embeddings` ಫೋಲ್ಡರನ್ನು ಇನ್ನೊಂದು ಕಾರಣಕ್ಕೂ ತೆರೆದು ನೋಡಿ

ಈ ಗಡಿಬಿಡಿಯಲ್ಲಿ ಜನ ಗಮನಿಸದೇ ಹೋಗುವುದು ಇದನ್ನೇ, ನನ್ನ ಪ್ರಕಾರ ಚಾರ್ಟ್ ಕಾಣದಿರುವುದಕ್ಕಿಂತ ದೊಡ್ಡ ವಿಷಯ ಇದು. ಚಾರ್ಟ್ ಪೇಸ್ಟ್ ಮಾಡುವಾಗ `Embed Workbook` ಆರಿಸಿದ್ದರೆ ಆ ಚಾರ್ಟಿನ ನಾಲ್ಕು ಸಾಲು ಅಂಕಿಗಳಷ್ಟೇ ಅಲ್ಲ, ಇಡೀ ಎಕ್ಸೆಲ್ ಫೈಲ್, ಅದರ ಎಲ್ಲ ಶೀಟ್‌ಗಳ ಸಮೇತ ವರದಿಯೊಳಗೆ ಹೋಗಿ ಕೂರುತ್ತದೆ. ಸಮೀಕ್ಷೆಗೆ ಉತ್ತರ ಕೊಟ್ಟ ಖಾತೆದಾರರ ಹೆಸರು, ಮೊಬೈಲ್ ಸಂಖ್ಯೆ ಇರುವ ಕಚ್ಚಾ ಶೀಟ್ ಅದೇ ಫೈಲಿನಲ್ಲಿದ್ದರೆ ಅದೂ ಹೋಗಿರುತ್ತದೆ. ನೀವು ಆ ಶೀಟನ್ನು `Hide` ಮಾಡಿದ್ದರೂ ಅಷ್ಟೇ, ಯಾರು ಬೇಕಾದರೂ ತೆರೆದು ನೋಡಬಹುದು. ಲಿಂಕ್ ಮಾತ್ರ ಮಾಡಿದ್ದರೆ ಶೀಟ್‌ಗಳು ಹೋಗುವುದಿಲ್ಲ, ಆದರೆ ಫೋಲ್ಡರಿನ ಪೂರ್ತಿ ವಿಳಾಸ ಹೋಗುತ್ತದೆ. ಆ ವಿಳಾಸದಲ್ಲಿ ನಿಮ್ಮ ಬೇರೊಬ್ಬ ಗ್ರಾಹಕರ ಹೆಸರಿದ್ದರೆ ಮುಜುಗರ ತಪ್ಪಿದ್ದಲ್ಲ.

ನಿಮ್ಮ `Sent` ಪ್ರತಿಯ `embeddings` ಒಳಗಿನ ಎಕ್ಸೆಲ್ ತೆರೆದು ಶೀಟ್‌ಗಳನ್ನು ಒಂದೊಂದಾಗಿ ನೋಡಿ. ಉತ್ತರಿಸಿದವರ ಗುರುತು ಹೊರಬೀಳಿಸುವುದಿಲ್ಲ ಎಂದು ಮಾತು ಕೊಟ್ಟು ಸಮೀಕ್ಷೆ ಮಾಡಿದ್ದು, ಕಚ್ಚಾ ಶೀಟ್ ಅಲ್ಲಿ ಸಿಕ್ಕಿತು ಎಂದಾದರೆ ಇದು ಬರೀ ಚಾರ್ಟ್‌ಗಳ ಕ್ಷಮೆಯಾಗಿ ಉಳಿಯುವುದಿಲ್ಲ. ಆ ಸಂಗತಿಯನ್ನು ಮ್ಯಾನೇಜರಿಗೆ ಬೇರೆಯಾಗಿ, ಫೋನಿನಲ್ಲಿ ಹೇಳಿ, ಹಳೆಯ ಫೈಲ್ ಯಾರ್ಯಾರಿಗೆ ಹೋಗಿದೆ ಎಂದು ಕೇಳಿ, ಎಲ್ಲ ಕಡೆ ಅಳಿಸಲು ಬೇಡಿಕೊಳ್ಳಬೇಕು. ಅವರ ದ್ವಾರದ ತಂತ್ರಾಂಶ ಅದನ್ನು ಕಿತ್ತುಹಾಕಿದ್ದರೆ ಈ ಒಂದು ಸಲ ಅದಕ್ಕೆ ಧನ್ಯವಾದ ಹೇಳಬೇಕು.

ಯಾವ ರೂಪದಲ್ಲಿ ಮತ್ತೆ ಕಳಿಸುವುದು?

ನಾಳೆಯ ಸಭೆಗೆ ಬೇಕಾದದ್ದು ಓದುವ ಪ್ರತಿ, ತಿದ್ದುವ ಪ್ರತಿಯಲ್ಲ. ಹಾಗಾಗಿ ಪಿಡಿಎಫ್ ಕಳಿಸಿ. ವರ್ಡ್‌ನಿಂದಲೇ `File > Save As` ಹೋಗಿ ಪಿಡಿಎಫ್ ಆರಿಸಿ, ಕೆಳಗಿನ `Minimum size` ಬಿಟ್ಟು `Standard` ಇಡಿ. ಚಾರ್ಟ್ ಪುಟದ ಮೇಲಿನ ಗೆರೆಗಳಾಗಿ ಬಿಡುತ್ತದೆ, ಬೆನ್ನಿಗಿದ್ದ ಎಕ್ಸೆಲ್ ಅಲ್ಲಿಗೇ ಉಳಿಯುತ್ತದೆ. ಕಿತ್ತುಹಾಕಲು ಒಳಗೆ ಏನೂ ಇರುವುದಿಲ್ಲ, ಸೋರಲೂ ಇರುವುದಿಲ್ಲ.

ಪಿಡಿಎಫ್ ಮಾಡಿದ ತಕ್ಷಣ ನಿರಾಳವಾಗಬೇಡಿ, ಅಲ್ಲಿಯೂ ಒಂದು ಬಲೆ ಇದೆ. `File > Options > Display` ಒಳಗೆ `Print drawings created in Word` ಎಂಬ ಟಿಕ್ ಇದೆ. ಮುದ್ರಣದಲ್ಲಿ ಶಾಯಿ ಉಳಿಸಲು ಯಾರಾದರೂ ಅದನ್ನು ತೆಗೆದಿಟ್ಟಿದ್ದರೆ, ಬರಹದ ಸಾಲಿನಲ್ಲಿ ಕೂರದೆ ಪುಟದ ಮೇಲೆ ತೇಲುವ ಹಾಗೆ ಇಟ್ಟ ಚಿತ್ರ, ಆಕೃತಿಗಳು ಪಿಡಿಎಫ್‌ನಲ್ಲೂ ಬರದೇ ಹೋಗಬಹುದು. ಪರದೆಯ ಮೇಲೆ ಮಾತ್ರ ಎಲ್ಲ ಕಾಣುತ್ತಿರುತ್ತದೆ. ತಯಾರಾದ ಪಿಡಿಎಫ್ ತೆರೆದು ಚಾರ್ಟ್‌ಗಳನ್ನು ಬೆರಳಿಟ್ಟು ಎಣಿಸಿ. ಆರು ಇರಬೇಕು, ಪುಟ 12 ಇರಬೇಕು. ಆಮೇಲೆ ನಿಮ್ಮ ಕಚೇರಿಯ ಹೊರಗಿನ ಒಂದು ಖಾತೆಗೆ ಕಳಿಸಿ ಮೊಬೈಲ್‌ನಲ್ಲಿ ತೆರೆದು ನೋಡಿ.

ಬ್ಯಾಂಕಿನವರಿಗೆ ವರ್ಡ್ ಪ್ರತಿಯೇ ಬೇಕು, ಅವರು ಅದರಲ್ಲಿ ಟಿಪ್ಪಣಿ ಬರೆಯುತ್ತಾರೆ ಎಂದಾದರೆ, ಚಾರ್ಟ್‌ಗಳನ್ನು ಒಂದೊಂದಾಗಿ ಚಿತ್ರ ಮಾಡಿ ಹಾಕಬೇಕು. ಎಕ್ಸೆಲ್‌ನಲ್ಲಿ ಚಾರ್ಟಿನ ಮೇಲೆ ಬಲ ಕ್ಲಿಕ್ ಮಾಡಿ `Save as Picture` ಎಂದು ಪಿಎನ್‌ಜಿ ಆಗಿ ಉಳಿಸಿ, ವರ್ಡ್‌ನಲ್ಲಿ ಹಳೆಯ ಚಾರ್ಟ್ ಅಳಿಸಿ ಆ ಜಾಗಕ್ಕೆ `Insert` ಮಾಡಿ, `Link to File` ಅಲ್ಲ. ಜೆಪಿಜಿ ಬೇಡ, ತೆಳು ಗೆರೆ ಮತ್ತು ಸಣ್ಣ ಅಕ್ಷರಗಳ ಸುತ್ತ ಕೊಳೆ ಹಿಡಿದಂತೆ ಕಾಣುತ್ತದೆ. ಪುಟದಲ್ಲಿ 6 ಇಂಚು ಅಗಲ ಬರುವ ಚಾರ್ಟಿಗೆ ಚಿತ್ರ 1,200 ಪಿಕ್ಸೆಲ್ ಅಗಲ ಇದ್ದರೆ ಮುದ್ರಣದಲ್ಲೂ ಚೆನ್ನಾಗಿ ಬರುತ್ತದೆ. ಆರು ಚಾರ್ಟಿಗೆ ಅರ್ಧ ಗಂಟೆಯ ಕೆಲಸ. ಆದರೆ ಅದನ್ನು ಇವತ್ತೇ ಮಾಡಬೇಕೆಂದಿಲ್ಲ.

ಡ್ರೈವ್ ಲಿಂಕ್ ಕಳಿಸಿದರೆ ಮೇಲ್ ದ್ವಾರದ ಕಾಟವಿಲ್ಲ ಎಂದು ಕೆಲವರು ಹೇಳುತ್ತಾರೆ. ಬ್ಯಾಂಕಿನ ಒಳಜಾಲದಲ್ಲಿ ಹೊರಗಿನ ಡ್ರೈವ್‌ಗಳು ತೆರೆಯದೇ ಇರಬಹುದು, ತೆರೆದರೂ ಅನುಮತಿ ಕೊಡಲು ಮರೆತಿದ್ದರೆ ಬೆಳಿಗ್ಗೆ 10:50ಕ್ಕೆ ಅವರ ಪರದೆಯ ಮೇಲೆ `Request access` ನಿಂತಿರುತ್ತದೆ. ಪಾಸ್‌ವರ್ಡ್ ಹಾಕಿದ ಜಿಪ್ ಇನ್ನೂ ಬೇಡ. ಒಳಗೆ ಏನಿದೆ ಎಂದು ನೋಡಲಾಗದ ಕಾರಣಕ್ಕೇ ಅಂಥ ಮೇಲ್‌ಗಳನ್ನು ತಡೆಹಿಡಿಯುವ ದ್ವಾರಗಳು ಬಹಳ.

ಈಗ ಮೇಲ್

ಒಂದು ಮೇಲ್ ಸಾಕೇ, ಎರಡು ಬೇಕೇ? ಸರಿಪಡಿಸಿದ ಪಿಡಿಎಫ್ ಹದಿನೈದು ನಿಮಿಷದಲ್ಲಿ ಕೈಗೆ ಬರುವಂತಿದ್ದರೆ ಕ್ಷಮೆಯೂ ಫೈಲೂ ಒಂದರಲ್ಲೇ ಹೋಗಲಿ. ಅದಕ್ಕಿಂತ ತಡವಾಗುತ್ತದೆ ಎಂದರೆ ಕ್ಷಮೆ ಈಗಲೇ ಹೋಗಬೇಕು, ಸಭೆಗೆ ತಯಾರಿ ನಡೆಸುತ್ತಿರುವ ಮನುಷ್ಯರನ್ನು ಸುಮ್ಮನೆ ಕಾಯಿಸಬಾರದು. ಆ ಮೊದಲ ಮೇಲ್‌ನಲ್ಲಿ "ಆದಷ್ಟು ಬೇಗ" ಎಂದು ಬರೆಯದೆ ಗಂಟೆ ಬರೆಯಿರಿ. ಈಗ 4 ಗಂಟೆ, ಪಿಡಿಎಫ್ ಮಾಡಿ ಪರೀಕ್ಷಿಸಲು 45 ನಿಮಿಷ ಬೇಕು ಎಂದಾದರೆ 5:30 ಎಂದು ಹೇಳಿ, 5ಕ್ಕೇ ಕಳಿಸಿ. ಅವರ ಕಚೇರಿ ಮುಚ್ಚುವ ಮೊದಲಿನ ಹೊತ್ತಾಗಿರಲಿ.

ತಪ್ಪು ಅವರ ಸರ್ವರ್‌ದು ಎಂದು ಬರೆಯಬಹುದೇ ಎಂದು ಕೇಳಿದ್ದೀರಿ. ತಾಂತ್ರಿಕವಾಗಿ ಅದು ನಿಜವೇ ಇರಬಹುದು, ಆದರೂ ಬರೆಯಬೇಡಿ. ಅವರ ದ್ವಾರ ತನಗೆ ಹೇಳಿದ ಕೆಲಸ ಮಾಡಿದೆ. ಓದುವ ವರದಿಯನ್ನು ತಿದ್ದುವ ರೂಪದಲ್ಲಿ, ಹುದುಗಿಸಿದ ಫೈಲುಗಳ ಸಮೇತ ಕಳಿಸಿದ ಆಯ್ಕೆ ನಿಮ್ಮದು. ಆ ಆಯ್ಕೆಯಷ್ಟನ್ನು ಒಪ್ಪಿಕೊಂಡರೆ ಸುಳ್ಳೂ ಹೇಳಿದಂತಾಗುವುದಿಲ್ಲ, ಅವರ ಐಟಿ ವಿಭಾಗವನ್ನೂ ಎಳೆತಂದಂತಾಗುವುದಿಲ್ಲ. ಕಾರಣ ಇನ್ನೂ ಗೊತ್ತಾಗಿಲ್ಲದಿದ್ದರೆ ಊಹೆ ಬರೆಯಬೇಡಿ. "ವೈರಸ್ ಇರಬಹುದು" ಎಂದು ಬ್ಯಾಂಕಿಗೆ ಬರೆದರೆ ನಿಮ್ಮ ವಿಳಾಸದಿಂದ ಮುಂದೆ ಬರುವ ಮೇಲ್‌ಗಳೂ ನಿಲ್ಲಬಹುದು.

ಗ್ರಾಹಕರಿಗೆ ನಿಜವಾಗಿ ಬೇಕಾದ ಒಂದು ಸಾಲನ್ನು ಇಂಥ ಮೇಲ್‌ಗಳಲ್ಲಿ ಬಿಡುವುದೇ ಹೆಚ್ಚು: ಅಂಕಿಅಂಶ ಬದಲಾಗಿದೆಯೋ ಇಲ್ಲವೋ. ಹಳೆಯ ಪ್ರತಿ ಓದಿ ಅದಾಗಲೇ ಟಿಪ್ಪಣಿ ಮಾಡಿಕೊಂಡವರು ಹೊಸದನ್ನು ಮೊದಲಿಂದ ಓದಬೇಕೇ ಬೇಡವೇ ಎಂಬುದು ಆ ಸಾಲಿನ ಮೇಲೆ ನಿಂತಿದೆ. ಮತ್ತೆ ಕಳಿಸುವ ನೆಪದಲ್ಲಿ ಒಂದು ಅಕ್ಷರ ತಿದ್ದಿದರೂ ಅದನ್ನು ಹೇಳಿ. ಹೇಳುವುದು ಬೇಡ ಎನಿಸಿದರೆ ತಿದ್ದಬೇಡಿ.

ಮೊದಲ ಮೇಲನ್ನು ಮ್ಯಾನೇಜರ್ ಬರೆದ ಮೇಲ್‌ಗೇ `Reply` ಮಾಡಿ ಹೀಗೆ ಬರೆಯಬಹುದು:

> ಮಾನ್ಯರೇ, ನಮಸ್ಕಾರ.
>
> ಇಂದು ಬೆಳಿಗ್ಗೆ ನಾವು ಕಳಿಸಿದ ಗ್ರಾಹಕ ಸಮೀಕ್ಷೆ ವರದಿಯಲ್ಲಿ 6 ಚಾರ್ಟ್‌ಗಳೂ ನಿಮಗೆ ಕಾಣದೇ ಹೋದದ್ದಕ್ಕೆ, ಅದೂ ಸಭೆಯ ಹಿಂದಿನ ದಿನ ಹೀಗಾದದ್ದಕ್ಕೆ ಕ್ಷಮೆ ಕೋರುತ್ತೇವೆ. ವರದಿಯನ್ನು ಎಕ್ಸೆಲ್ ಭಾಗಗಳು ಸೇರಿದ ವರ್ಡ್ ಫೈಲಾಗಿ ಕಳಿಸಿದ್ದು ನಮ್ಮ ತಪ್ಪು. ಅಂಥ ಭಾಗಗಳು ಮೇಲ್‌ನಲ್ಲಿ ಉಳಿಯದೇ ಹೋಗಬಹುದು.
>
> ಚಾರ್ಟ್‌ಗಳೆಲ್ಲ ಇರುವ ಪಿಡಿಎಫ್ ಪ್ರತಿಯನ್ನು ಇಂದು ಸಂಜೆ 5:30ರ ಒಳಗೆ ಬೇರೆ ಮೇಲ್‌ನಲ್ಲಿ ಕಳಿಸುತ್ತೇವೆ. ಬರಹದಲ್ಲಾಗಲಿ ಅಂಕಿಗಳಲ್ಲಾಗಲಿ ಯಾವ ಬದಲಾವಣೆಯೂ ಇರುವುದಿಲ್ಲ. ನೀವು ಈಗಾಗಲೇ ಓದಿರುವ ಭಾಗ ಹಾಗೆಯೇ ಇರುತ್ತದೆ.
>
> ಬೆಳಿಗ್ಗೆಯ ಫೈಲನ್ನು ಸದಸ್ಯರಿಗೆ ಕಳಿಸಿದ್ದರೆ ದಯವಿಟ್ಟು ತಿಳಿಸಿ, ಹೊಸದನ್ನು ಅವರೆಲ್ಲರಿಗೂ ತಲುಪಿಸಲು ಅನುಕೂಲವಾಗುತ್ತದೆ.

ಕೊನೆಗೆ ನಿಮ್ಮ ಹೆಸರು ಮತ್ತು ಕೂಡಲೇ ಎತ್ತುವ ಮೊಬೈಲ್ ಸಂಖ್ಯೆ ಇರಲಿ. ಇದಕ್ಕಿಂತ ಉದ್ದ ಬೇಡ. "ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ" ಎಂಬ ಸಾಲನ್ನು ಮತ್ತೊಮ್ಮೆ ಕೊನೆಯಲ್ಲಿ ಅಂಟಿಸುವುದೂ ಬೇಡ, ಒಮ್ಮೆ ಹೇಳಿದ ಕ್ಷಮೆ ಸಾಕು. ಕಾರಣ ಇನ್ನೂ ಖಚಿತವಾಗಿಲ್ಲದಿದ್ದರೆ ಎಕ್ಸೆಲ್ ಭಾಗಗಳ ಆ ಎರಡು ವಾಕ್ಯಗಳನ್ನು ತೆಗೆದುಬಿಡಿ, ಮೇಲ್‌ಗೆ ಏನೂ ಕೊರತೆಯಾಗುವುದಿಲ್ಲ.

ಎರಡನೆಯದನ್ನು ಹೊಸ ಮೇಲಾಗಿ ಬರೆಯಿರಿ. ಹಳೆಯದನ್ನು `Forward` ಮಾಡಿದರೆ ಹಳೆಯ ಅಟ್ಯಾಚ್‌ಮೆಂಟೂ ಜೊತೆಗೆ ಹೋಗುತ್ತದೆ, ನಾಳೆ ಮುದ್ರಿಸುವವರು ಯಾವುದನ್ನು ಒತ್ತುತ್ತಾರೋ ಹೇಳಲಾಗದು. ವಿಷಯದ ಸಾಲು "ಗ್ರಾಹಕ ಸಮೀಕ್ಷೆ ವರದಿ: ಚಾರ್ಟ್ ಸಹಿತ ಪಿಡಿಎಫ್, ಸಭೆಗೆ ಇದನ್ನೇ ಬಳಸಿ" ಎಂದಿರಲಿ. ಫೈಲಿನ ಹೆಸರಿನಲ್ಲಿ `final_new` ಬೇಡ, `v2` ಮತ್ತು ದಿನಾಂಕ ಇರಲಿ. ಒಳಗಿನ ಬರಹ ಇಷ್ಟು ಸಾಕು:

> ಮಾನ್ಯರೇ,
>
> ಹೇಳಿದಂತೆ ಸರಿಪಡಿಸಿದ ವರದಿ ಲಗತ್ತಿಸಿದ್ದೇವೆ. ಒಟ್ಟು 12 ಪುಟ, 6 ಚಾರ್ಟ್: ಪುಟ 4, 5, 7, 8 ಮತ್ತು 10ರಲ್ಲಿ (ಪುಟ 7ರಲ್ಲಿ ಎರಡು). ಆರೂ ಕಾಣುತ್ತಿವೆಯೇ ಎಂದು ಒಮ್ಮೆ ನೋಡಿ ಒಂದು ಸಾಲು ಉತ್ತರಿಸಿದರೆ ಉಪಕಾರ. ಬೆಳಿಗ್ಗೆಯ ವರ್ಡ್ ಫೈಲನ್ನು ದಯವಿಟ್ಟು ಅಳಿಸಿಬಿಡಿ.

ಪುಟಗಳನ್ನು ಹೆಸರಿಸುವುದು ಅಲಂಕಾರಕ್ಕಲ್ಲ. ಆರರಲ್ಲಿ ಐದು ಬಂದು ಒಂದು ಬಿದ್ದಿದ್ದರೆ ಮೂಲ ಕಾಣದವರಿಗೆ ಅದು ಗೊತ್ತಾಗುವುದೇ ಇಲ್ಲ. ಈ ಸಾಲಿದ್ದರೆ ಅವರು ಎಣಿಸಬಲ್ಲರು.

ಚಾರ್ಟ್‌ಗಳನ್ನು ಮೇಲ್‌ನ ಒಳಗೇ ಚಿತ್ರವಾಗಿ ಅಂಟಿಸುವ ಆಸೆ ಬರುತ್ತದೆ, ಅದಕ್ಕೆ ಕೈಹಾಕಬೇಡಿ. ಓದುವವರ ಕಡೆ ಮೇಲ್ ಬರೀ ಪಠ್ಯವಾಗಿ ತೆರೆಯುವ ವ್ಯವಸ್ಥೆ ಇದ್ದರೆ ಒಳಗಿನ ಚಿತ್ರಗಳು ಮತ್ತೆ ಕಾಣೆಯಾಗುತ್ತವೆ. ಅದರ ಬದಲು ಸಭೆ ಕೇಳಬಹುದಾದ ಎರಡು ಮೂರು ಅಂಕಿಗಳನ್ನು ಸಾದಾ ವಾಕ್ಯದಲ್ಲಿ ಬರೆಯಿರಿ: ಎಷ್ಟು ಖಾತೆದಾರರನ್ನು ಕೇಳಿದಿರಿ, ಅವರಲ್ಲಿ ಎಷ್ಟು ಮಂದಿಗೆ ಸೇವೆ ತೃಪ್ತಿ ತಂದಿದೆ, ದೂರು ಯಾವ ಶಾಖೆಯಲ್ಲಿ ಹೆಚ್ಚು. ಅಕ್ಷರಗಳನ್ನು ಯಾವ ದ್ವಾರವೂ ಕೀಳುವುದಿಲ್ಲ.

ಕಳಿಸಿ ಅರ್ಧ ಗಂಟೆಯಾದರೂ ಉತ್ತರ ಬರದಿದ್ದರೆ ಮ್ಯಾನೇಜರಿಗೆ ಫೋನ್ ಮಾಡಿ, ಅವರು ಫೈಲ್ ತೆರೆಯುವವರೆಗೆ ಲೈನಿನಲ್ಲೇ ಇರಿ. ಪಿಡಿಎಫ್ ಕೂಡ ತಲುಪಲಿಲ್ಲ ಎಂದರೆ ಅವರ ಒಪ್ಪಿಗೆ ಕೇಳಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಬಹುದು, ಆದರೆ `Document` ಆಗಿ. ಪುಟಗಳ ಫೋಟೋ ತೆಗೆದು ಕಳಿಸಿದರೆ ಚಿತ್ರ ಕುಗ್ಗಿ ಚಾರ್ಟಿನ ಸಣ್ಣ ಅಕ್ಷರಗಳು ಓದಲಾಗದಂತಾಗುತ್ತವೆ. ಬ್ಯಾಂಕ್ ಊರೊಳಗೇ ಇದ್ದರೆ ಸದಸ್ಯರ ಸಂಖ್ಯೆ ಕೇಳಿಕೊಂಡು ಅಷ್ಟು ಬಣ್ಣದ ಪ್ರತಿ ಮುದ್ರಿಸಿ ಬೆಳಿಗ್ಗೆ 10ರೊಳಗೆ ಕೊಟ್ಟುಬನ್ನಿ. ಕಪ್ಪು ಬಿಳುಪಿನಲ್ಲಿ ಮುದ್ರಿಸುವುದೇ ಆದರೆ ಒಂದು ಪುಟ ತೆಗೆದು ನೋಡಿ, ಬಣ್ಣದಿಂದ ಮಾತ್ರ ಬೇರ್ಪಡಿಸಿದ ಪಟ್ಟಿಗಳು ಒಂದೇ ಬೂದು ಬಣ್ಣವಾಗಿ ಕಂಡರೆ ಪ್ರತಿ ಪಟ್ಟಿಯ ಮೇಲೆ ಅಂಕಿ ಬರುವಂತೆ `Data Labels` ಹಾಕಿ ಮತ್ತೆ ಮುದ್ರಿಸಿ.